ಮೆನುವಿನಲ್ಲಿ ಬರೆಯದೆ ಬಿಟ್ಟ ಹಿಂಗು

ನನಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಟ. ಭಜಿ ಕಟ್ಟಿಕೊಟ್ಟ ಪೇಪರಾಗಲಿ, ಔಷಧಿಯ ಪೊಟ್ಟಣದೊಳಗಿನ ಚೀಟಿಯಾಗಲಿ, ಓದದೆ ಎಸೆಯುವುದಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು, ಕೈಯಲ್ಲಿ ಕೆಂಪು ಪೆನ್ನು ಇಲ್ಲದಿದ್ದರೂ ಕಣ್ಣಲ್ಲಿ ಇರುತ್ತದೆ. ಮದುವೆಯ ಕರೆಯೋಲೆ ಬಂದರೆ ಮುಹೂರ್ತಕ್ಕಿಂತ ಮೊದಲು ತಪ್ಪು ಹುಡುಕುತ್ತೀ ಎಂದು ಯಜಮಾನರು ಹಂಗಿಸುತ್ತಾರೆ. ಹಂಗಿಸಲಿ. ಆ ಚಟವೇ ಒಂದು ಸಲ ನನ್ನ ಮಾನ ಉಳಿಸಿತು. ಅದಕ್ಕಿಂತ ಮುಖ್ಯವಾಗಿ, ನಾನು ಮುಖವನ್ನೂ ನೋಡಿರದ ಒಬ್ಬ ಹೆಂಗಸಿನ ಜೀವಕ್ಕೆ ಆಗಲಿದ್ದ ತೊಂದರೆ ತಪ್ಪಿಸಿತು.

ಯಜಮಾನರು ವಾಯುಪಡೆಯಿಂದ ನಿವೃತ್ತರಾದ ಮೇಲೆ ನಾವು ಊರಿಗೆ ಮರಳದೆ ನಾಗಪುರದಲ್ಲೇ, ಲಕ್ಷ್ಮೀ ನಗರದಲ್ಲಿ ಉಳಿದೆವು. ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಒಂದು ಖಾನಾವಳಿ ಇದೆ. ಆರೇ ಮೇಜು. ಅದನ್ನು ನಡೆಸುವವಳು ವಿಜಯಪುರದ ಕಡೆಯವಳು. ಗಂಡ ಇಲ್ಲೇ ಹತ್ತಿರದ ಕಾಮಠಿಯಲ್ಲಿ ಸೇನೆಯಲ್ಲಿದ್ದವನು, ಈಗ ಸಂತೆ ಮತ್ತು ಗಲ್ಲಾ ನೋಡಿಕೊಳ್ಳುತ್ತಾನೆ. ಅಡಿಗೆ ಪೂರ್ತಿ ಅವಳದು. ಊಟಕ್ಕೆ ಬರುವ ಕನ್ನಡದವರೆಲ್ಲ ಅವಳನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ, ನಾನೂ ಹಾಗೆಯೇ. ಅವಳು ನನ್ನನ್ನು ಕರೆಯುವುದು ಅಕ್ಕೋರ ಎಂದು. ನಮ್ಮ ಕಡೆ ಪಾಠ ಕಲಿಸುವ ಹೆಂಗಸರಿಗೆಲ್ಲ ಅದೇ ಹೆಸರು. ವೈನಿ ಜೋಳದ ರೊಟ್ಟಿ ಬಡಿದರೆ ತಟ್ಟೆ ಇಟ್ಟು ಕತ್ತರಿಸಿದಷ್ಟು ದುಂಡಗೆ ಬರುತ್ತದೆ. ಅದರ ಬಗ್ಗೆ ಅವಳಿಗೆ ಇರುವ ಜಂಬ ಅಷ್ಟಿಷ್ಟಲ್ಲ.

ಒಂದು ಏಪ್ರಿಲ್ ಮಧ್ಯಾಹ್ನ ವೈನಿ ಹೇಳಿಕಳಿಸಿದಳು. ಹೋದರೆ ಅಲ್ಲೊಬ್ಬ ಮರಾಠಿ ಮನುಷ್ಯ ಕೂತಿದ್ದ. ಹುಲಿ ನೋಡಲು ಬರುವ ಪ್ರವಾಸಿಗರನ್ನು ವಿಮಾನ ನಿಲ್ದಾಣದಿಂದ ಕಾಡಿಗೆ ಕರೆದೊಯ್ಯುವುದು ಅವನ ಕಸುಬು. ದಾರಿಯಲ್ಲಿ ಒಂದು ಊಟ ಆಗಬೇಕು. ದೊಡ್ಡ ಹೋಟೆಲಿನ ಊಟ ಎಲ್ಲಾ ಊರಲ್ಲೂ ಒಂದೇ ಥರ, ಜನಕ್ಕೆ ಈಗ ಮನೆಯ ರುಚಿ ಬೇಕು ಎಂದ. ತಿಂಗಳ ಕೊನೆಯಲ್ಲಿ ಆರು ಜನರ ಗುಂಪು ಬರುತ್ತದೆ, ಇಬ್ಬರು ದಿಲ್ಲಿಯವರು, ನಾಲ್ವರು ಯುರೋಪಿನವರು. ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮೆನು ಬೇಕು. ಹೆಸರಷ್ಟೇ ಸಾಲದು, ಯಾವುದರಲ್ಲಿ ಏನೇನಿದೆ ಎಂದೂ ಬರೆದಿರಬೇಕು.

"ಮ್ಯಾಡಮ್, ಬಾಕಿ ಎಲ್ಲಾರದ್ದೂ ಚಿಂತಿ ಇಲ್ಲ. ಒಬ್ಬರು ಬಾಯಿ, ಹೆಂಗಸರು ಇದ್ದಾರ," ಎಂದು ತನ್ನ ಹಿಂದಿ-ಮರಾಠಿಗೆ ಕನ್ನಡ ಬೆರೆಸಿ ಹೇಳಿದ. ಸೊಲ್ಲಾಪುರದಲ್ಲಿ ಬೆಳೆದವನಂತೆ. "ಅವರಿಗೆ ಗೆಹೂಂ, ಗೋಧಿ ಚಲನಾರ್ ನಾಹೀ, ನಡಿಯೂದಿಲ್ಲ. ಒಂದು ಚೂರು ಹೊಟ್ಟಿಗೆ ಹೋದರ ನಾಲ್ಕು ದಿನ ಹಾಸಿಗಿ. ಹೋದ ಸಲ ಇಂಡಿಯಾಕ್ಕ ಬಂದಾಗ ಹಂಗ ಆಗಿ, ಹುಲಿ ನೋಡದನ ವಾಪಸ್ ಹೋದರು. ಈ ಸಲ ಬಾಳೆಹಣ್ಣು, ಗೋಧಿ ಇಲ್ಲದ ಬಿಸ್ಕಿಟ್ ಎಲ್ಲಾ ಡಬ್ಬಿಯಾಗ ತಾವ ತರ್ತಾರ. ನಿಮ್ಮದು ಜ್ವಾರಿ ರೊಟ್ಟಿ ಅಂತ ಕೇಳಿ ಬಂದೆ."

ಆ ಹೆಂಗಸಿಗಿದ್ದದ್ದು ಊಟದ ನಖರಾ ಅಲ್ಲ, ಕಾಯಿಲೆ. ಗೋಧಿ, ಬಾರ್ಲಿ ಯಾವ ರೂಪದಲ್ಲಿ ಹೋದರೂ ಅವರ ಕರುಳು ಕೆಡುತ್ತದೆ. ವೈನಿ ಎದೆ ತಟ್ಟಿಕೊಂಡಳು. "ನಮ್ಮ ರೊಟ್ಟ್ಯಾಗ ಗೋಧಿ? ಅವ್ವನ ಆಣಿ ಮಾಡ್ತೀನಿ, ಒಂದು ಕಾಳ ಇಲ್ಲ. ಅಕ್ಕೋರ, ನೀವು ಬರೀರಿ."

ಬರೆಯಲು ಕೂತೆ. ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆ, ಒಂದು ವಾರ ಹಿಡಿಯಿತು.

ಮೊದಲ ಪ್ರತಿಯಲ್ಲಿ ನನ್ನ ಪಾಂಡಿತ್ಯವೆಲ್ಲ ಸುರಿದಿತ್ತು. ಎಣ್ಣೆಗಾಯಿಯನ್ನು ಎಣ್ಣೆಯಲ್ಲಿ ಬೇಯಿಸಿದ ಬದನೆ ಎಂದು ಇಂಗ್ಲಿಷಿಗೆ ತಂದರೆ, ಯಾವುದೋ ಆಸ್ಪತ್ರೆಯ ಪಥ್ಯದ ಹಾಗೆ ಕೇಳಿಸಿತು. ಒಳಗೆ ತುಂಬಿದ ಶೇಂಗಾ, ಎಳ್ಳು, ಬೆಲ್ಲ, ಹುಣಸೆ ಎಲ್ಲಿ ಹೋದವು? ನಿಘಂಟು ತೆಗೆದು ನೋಡಿದರೆ ಜೋಳಕ್ಕೆ ಮೆಕ್ಕೆಜೋಳದ ಇಂಗ್ಲಿಷ್ ಹೆಸರನ್ನೂ ಕೊಟ್ಟಿತ್ತು. ಅದನ್ನೇ ನಂಬಿದ್ದರೆ ನಮ್ಮ ಬಿಳಿಜೋಳದ ರೊಟ್ಟಿ ಹಳದಿ ಆಗಿಬಿಡುತ್ತಿತ್ತು. ಮಡಿಕೆ ಕಾಳಿನ ಇಂಗ್ಲಿಷ್ ಹೆಸರು ಇನ್ನೂ ಚೆನ್ನ, 'ಮಾತ್ ಬೀನ್', ಅದನ್ನು ಓದಿದ ಪರದೇಶಿ ದೀಪಕ್ಕೆ ಬೀಳುವ ಹುಳ ಹಾಕಿದ್ದಾರೆಂದು ಎದ್ದು ಹೋದಾನು. ಗುರೆಳ್ಳು ಚಟ್ನಿಗೆ ಸರಿಯಾದ ಹೆಸರನ್ನೇ ಹುಡುಕಿ ಬರೆದಿದ್ದೆ. ಆ ದೇಶಗಳಲ್ಲಿ ಆ ಕಾಳನ್ನು ಹಿತ್ತಲಿನ ಹಕ್ಕಿಗಳಿಗೆ ಹಾಕಲು ಚೀಲಗಟ್ಟಲೆ ಮಾರುತ್ತಾರೆ ಎಂದು ನನ್ನ ಮಗಳು ಫೋನಿನಲ್ಲಿ ನಕ್ಕಾಗಲೇ ಗೊತ್ತಾದದ್ದು.

ಹಿಂದಿಯ ಕಡೆಯೂ ಸುಖವಿರಲಿಲ್ಲ. ಹುಳಿ ಸೊಪ್ಪಿನ ಪುಂಡಿಪಲ್ಯ ಎಂದರೆ ಇಲ್ಲಿಯ ಮರಾಠಿಯವರಿಗೆ ಅಂಬಾಡಿ ಎಂದು ತಕ್ಷಣ ತಿಳಿಯುತ್ತದೆ, ದಿಲ್ಲಿಯವನಿಗೆ ಎರಡೂ ಒಂದೇ, ತಿಳಿಯದು.

ಆಗ ನಾನು ಒಂದು ಪದ್ಧತಿ ಹಿಡಿದೆ, ಇವತ್ತಿಗೂ ಅದನ್ನೇ ಸರಿ ಎನ್ನುತ್ತೇನೆ. ತಿನಿಸಿನ ಹೆಸರನ್ನು ಮುಟ್ಟಬಾರದು. ಎಣ್ಣೆಗಾಯಿ ಎಣ್ಣೆಗಾಯಿಯೇ, ಅದನ್ನು ಆಯಾ ಲಿಪಿಯಲ್ಲಿ ನಾಲಿಗೆಗೆ ಸಿಗುವಂತೆ ಬರೆಯಬೇಕು. ಕೆಳಗೆ ಒಂದು ಸಾಲು: ಯಾವ ಕಾಳು ಅಥವಾ ತರಕಾರಿ, ಒಳಗೆ ಏನು ಹಾಕಿದೆ, ಹೇಗೆ ಬೇಯಿಸಿದೆ, ಖಾರ ಎಷ್ಟು. ಬಣ್ಣದ ಮಾತು ಬೇಡ. ಮಡಿಕೆ ಪಲ್ಯಕ್ಕೆ 'ಸಣ್ಣ ಕಂದು ಕಾಳು, ಮೊಳಕೆ ಬರಿಸಿ ಒಗ್ಗರಿಸಿದ್ದು' ಎಂದು ಬರೆದೆ. ಗುರೆಳ್ಳಿಗೆ 'ಎಳ್ಳಿನ ಜಾತಿಯಂಥ ಕಪ್ಪು ಕಾಳು, ಹುರಿದು ಬೆಳ್ಳುಳ್ಳಿಯೊಂದಿಗೆ ಕುಟ್ಟಿದ್ದು'. ಊಟಕ್ಕೆ ಕೂತವನಿಗೆ ತಟ್ಟೆಯಲ್ಲಿ ಏನಿದೆ ಎಂದು ಗೊತ್ತಾದರೆ ಸಾಕು, ಸಸ್ಯಶಾಸ್ತ್ರ ಬೇಕಿಲ್ಲ.

ಒಳಗೆ ಏನಿದೆ ಎಂದು ತಿಳಿಯಲು ವೈನಿಯನ್ನೇ ಕೇಳಬೇಕಲ್ಲ. ಅದು ಬೇರೆಯದೇ ರಗಳೆ. "ಬ್ಯಾಳ್ಯಾಗ ಏನ್ ಹಾಕ್ತೀರಿ?" ಎಂದರೆ, "ಏನ್ ಹಾಕ್ತಾರ್ರಿ, ಬ್ಯಾಳಿ," ಎನ್ನುವಳು. ಶೇಂಗಾಪುಡಿಯನ್ನು ಎಲ್ಲ ಪಲ್ಯಕ್ಕೂ ಒಂದು ಹಿಡಿ ಹಾಕುತ್ತಾಳೆ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ, ಹಾಕದೆ ಪಲ್ಯ ಆಗುವುದು ಹೇಗೆ ಎಂಬುದೇ ಅವಳ ಪ್ರಶ್ನೆ. ಒಂದೊಂದನ್ನೂ ನಾನು ಎದುರಿಗೆ ನಿಂತು ನೋಡಿ ಬರೆದುಕೊಂಡೆ. ಒಗ್ಗರಣೆಯ ಹೊತ್ತಿಗೆ ಅವಳು ಚಿಕ್ಕ ಸ್ಟೀಲ್ ಡಬ್ಬಿಯಿಂದ ಚಿಟಿಕೆ ಹಿಂಗು ಎಣ್ಣೆಗೆ ಹಾಕಿದಳು. ಪೆನ್ನು ಎತ್ತಿದೆ.

"ಅದನ್ಯಾಕ ಬರೀತೀರಿ? ಅದು ಬರೇ ವಾಸನಿ," ಎಂದಳು.

ನನಗೂ ಹೌದೆನಿಸಿತು. ನಮ್ಮ ಮನೆಯಲ್ಲೂ ಯಾರು ಹಿಂಗನ್ನು ಸಾಮಾನಿನ ಲೆಕ್ಕಕ್ಕೆ ಹಿಡಿಯುತ್ತಾರೆ? ಬರೆಯಲಿಲ್ಲ. ಸಾಲದ್ದಕ್ಕೆ ರೊಟ್ಟಿ ಊಟದ ನೆತ್ತಿಯ ಮೇಲೆ, ದಪ್ಪ ಅಕ್ಷರದಲ್ಲಿ, ಎರಡೂ ಭಾಷೆಯಲ್ಲಿ ಒಂದು ಸಾಲು ನಾನಾಗಿಯೇ ಸೇರಿಸಿದೆ: 'ಈ ಊಟದಲ್ಲಿ ಗೋಧಿ ಇಲ್ಲ.' ಯಾರೂ ಕೇಳಿರಲಿಲ್ಲ. ಬರೆದು ಮುಗಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೆನು ಅಚ್ಚಾಗಿ, ಲ್ಯಾಮಿನೇಷನ್ ಆಗಿ, ಮೇಜಿಗೊಂದರಂತೆ ಆರು ಪ್ರತಿ ಬಂದವು. ಪ್ರವಾಸದವನು ಅದರ ಫೋಟೊ ತೆಗೆದು ಗುಂಪಿಗೆ ಕಳಿಸಿದ. ಮರುದಿನವೇ ಆ ಹೆಂಗಸಿನಿಂದ ಉತ್ತರ: ಈ ಊಟಕ್ಕಾಗಿ ಕಾಯುತ್ತಿದ್ದೇನೆ, ಆ ದಿನ ನನ್ನ ತಿನಿಸಿನ ಡಬ್ಬಿ ತರುವುದಿಲ್ಲ. ಅವನು ಅದನ್ನು ಓದಿ ಹೇಳಿದಾಗ ವೈನಿ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿ ಹಿಗ್ಗಿದೆವು.

ಗುಂಪು ಬರಲು ಎರಡು ದಿನ ಉಳಿದಿತ್ತು. ನಾನು ಖಾನಾವಳಿಯ ಅಡಿಗೆಮನೆಯ ಬಾಗಿಲಲ್ಲಿ ಚಹಾಕ್ಕೆ ಕಾಯುತ್ತ ಕೂತಿದ್ದೆ. ವೈನಿ ಹೊಸ ಹಿಂಗನ್ನು ಸ್ಟೀಲ್ ಡಬ್ಬಿಗೆ ಸುರುವಿ ಖಾಲಿ ಪ್ಲಾಸ್ಟಿಕ್ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. ಕೈ ಸುಮ್ಮನಿರಲಾರದೆ ಅದನ್ನು ಎತ್ತಿಕೊಂಡೆ. ಇರುವೆ ಸಾಲಿನಂಥ ಅಕ್ಷರ. ಕನ್ನಡಕ ಹಣೆಯಿಂದ ಇಳಿಸಿ ಓದಿದೆ. ಒಳಗಿನ ಸಾಮಾನಿನ ಪಟ್ಟಿಯಲ್ಲಿ ಮೊದಲು ತಿನ್ನುವ ಅಂಟು. ಆಮೇಲೆ ಗೋಧಿ ಹಿಟ್ಟು. ಹಿಂಗು ಕೊನೆಯಲ್ಲಿತ್ತು.

ಎರಡನೆಯ ಸಲ ಓದಿದೆ. ಅಪ್ಪಟ ಹಿಂಗು ಬಲು ಘಾಟು, ಅದಕ್ಕೇ ಹಿಟ್ಟು ಬೆರೆಸಿ ಪುಡಿ ಮಾಡಿ ಮಾರುತ್ತಾರೆ ಎಂಬುದು ನನಗೆ ಎಲ್ಲೋ ಗೊತ್ತಿದ್ದ ವಿಷಯವೇ. ಗೊತ್ತಿದ್ದೂ ಹೊಳೆದಿರಲಿಲ್ಲ. ಬೇಳೆಯಲ್ಲಿ ಹಿಂಗು, ಮಡಿಕೆಯಲ್ಲಿ ಹಿಂಗು, ಎಣ್ಣೆಗಾಯಿಯ ಮಸಾಲೆಯಲ್ಲಿ ಹಿಂಗು. ದೂರದ ಊರಿನ ಹೆಂಗಸು ನನ್ನ ದಪ್ಪ ಅಕ್ಷರವನ್ನು ನಂಬಿ ತನ್ನ ತಿನಿಸಿನ ಡಬ್ಬಿ ಬಿಟ್ಟು ಬರುತ್ತಿದ್ದಾಳೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ವೈನಿಗೆ ಹೇಳಿದೆ. ಮೊದಲು ಅವಳು ನಂಬಲಿಲ್ಲ, ಆಮೇಲೆ ಡಬ್ಬಿಯ ಮೇಲೆ ಸಿಟ್ಟು ಮಾಡಿದಳು. "ಇಷ್ಟು ವರ್ಷ ಹಿಂಗು ಅಂತ ಹೇಳಿ ಗೋಧಿಹಿಟ್ಟು ತಿನಿಸಿದರಾ ನನ್ನ ಕೈಲೆ!" ಎಂದು ಅದನ್ನು ಬುಟ್ಟಿಗೆ ಬಿಸಾಕಿದಳು. ನಂತರ ಸೌಟು ಹಿಡಿದುಕೊಂಡೇ ಹಿಟ್ಟಿನ ಡಬ್ಬದ ಕಡೆ, ಒಲೆಯ ಮೇಲಿನ ಹಂಚಿನ ಕಡೆ ನೋಡಿದಳು. ಏನೋ ಲೆಕ್ಕ ಹಾಕುತ್ತಿದ್ದಾಳೆ ಎಂದು ತಿಳಿಯಿತು.

"ಅಕ್ಕೋರ, ಚಿಟಿಕಿ ಹಿಟ್ಟೂ ನಡಿಯೂದಿಲ್ಲ ಆಕಿಗೆ?"

"ಇಲ್ಲ ವೈನಿ. ಚೂರೂ ಹೋಗಬಾರದಂತ."

"ಹಂಗಾರ ರೊಟ್ಟಿನೂ ಬರೋಬರ್ ಇಲ್ಲ."

ಯಾಕೆ ಎಂದೆ. ಅವಳು ಬಿಡಿಸಿ ಹೇಳಿದಳು. "ನಾವು ಜ್ವಾಳ ಒಯ್ಯೂದು ಮೂಲಿ ಗಿರಣಿಗೆ. ನಮ್ಮ ಮುಂದ ಯಾರದೋ ಗೋಧಿ ಬೀಸಿರ್ತಾರ. ಕಲ್ಲಿನ್ಯಾಗ ಉಳದಿದ್ದು ನಮ್ಮ ಹಿಟ್ಟಿನ್ಯಾಗ ಬರ್ತದ. ಮ್ಯಾಲ ಹಂಚು ಒಂದ. ಮುಂಜಾನಿ ಚಪಾತಿ ಸುಡೂದು ಅದರ ಮ್ಯಾಲ."

ನಾನು ಇಷ್ಟು ಓದಿದವಳು, ಓದಿ ತಿಳಿದದ್ದು ಒಂದು ಡಬ್ಬಿ. ಅವಳಿಗೆ ಒಂದು ಮಾತು ಸರಿಯಾಗಿ ತಿಳಿದ ಕೂಡಲೆ ಗಿರಣಿಯಿಂದ ಹಂಚಿನ ತನಕ ಎಲ್ಲವೂ ಕಣ್ಣಿಗೆ ಕಂಡಿತು. ಆ ಗಳಿಗೆಯಲ್ಲಿ ಅವಳ ಬಗ್ಗೆ ನನಗೆ ಹುಟ್ಟಿದ ಗೌರವ ಇನ್ನೂ ಕಡಿಮೆಯಾಗಿಲ್ಲ.

ಪ್ರವಾಸದವನನ್ನು ಕರೆಸಿದೆವು. ಅವನು ಕೇಳಿ ತಲೆ ಕೆರೆದುಕೊಂಡ. ಇಷ್ಟು ಸೂಕ್ಷ್ಮ ನೋಡಿದರೆ ಭಾರತದಲ್ಲಿ ಯಾರೂ ಊಟ ಹಾಕಲಾರರು, ಕಾರ್ಡು ಹೀಗೇ ಇರಲಿ, ಹಿಂಗು ಮಾತ್ರ ಬಿಟ್ಟರೆ ಸಾಕು, ಗಿರಣಿಯ ಮಾತು ಎತ್ತಿದರೆ ಉಳಿದವರೂ ಹೆದರಿ ಊಟ ಬೇಡ ಎನ್ನುತ್ತಾರೆ ಎಂದ.

ನನಗೆ ಸಿಟ್ಟು ನೆತ್ತಿಗೇರಿತು. "ಆ ಸಾಲು ಬರದಾಕಿ ನಾನು. ಸುಳ್ಳು ಅಂತ ಗೊತ್ತಾದ ಮ್ಯಾಲ ಮೇಜಿನ ಮ್ಯಾಲ ಇಡಾಕ ಆಗೂದಿಲ್ಲ. ಹಾಸಿಗಿ ಹಿಡಿಯಾಕಿ ಅವರು, ನೀವೂ ಅಲ್ಲ, ನಾನೂ ಅಲ್ಲ," ಎಂದು ಅವನಿಗೆ ಪೂರ್ತಿ ತಿಳಿಯಲೆಂದು ಹಿಂದಿಯಲ್ಲೂ ಹೇಳಿದೆ. ಅವನು ವೈನಿಯ ಕಡೆ ತಿರುಗಿದ, ಅಲ್ಲಿ ಆಸರೆ ಸಿಕ್ಕೀತೆಂದು.

ವೈನಿ ಜೋಳದ ಡಬ್ಬದ ಮುಚ್ಚಳ ತೆಗೆಯುತ್ತಿದ್ದಳು. "ಅಕ್ಕೋರು ಕಾರ್ಡ್ ತಿದ್ದಲಿ. ಆಕಿ ಊಟ ನಾ ನೋಡ್ಕೋತೀನಿ. ರೊಟ್ಟಿ ತಿಂತೀನಂತ ಬರಾಕತ್ತಾಳ, ರೊಟ್ಟಿನ ತಿಂದು ಹೋಗಬೇಕು."

ಲ್ಯಾಮಿನೇಷನ್ ಆದದ್ದನ್ನು ತಿದ್ದುವುದು ಹೇಗೆ? ನನ್ನ ಹಳೆಯ ಟ್ರಂಕಿನಲ್ಲಿ ಮಕ್ಕಳ ನೋಟುಬುಕ್ಕಿಗೆ ಅಂಟಿಸುವ ಕೆಂಪು ಅಂಚಿನ ಲೇಬಲ್‌ಗಳು ಉಳಿದಿದ್ದವು. ದಪ್ಪ ಸಾಲಿನ ಮೇಲೆ ಅವನ್ನೇ ಅಂಟಿಸಿದೆ. ಇಂಗ್ಲಿಷಿಗೊಂದು, ಹಿಂದಿಗೊಂದು, ಆರು ಕಾರ್ಡಿಗೆ ಹನ್ನೆರಡು. ಸಣ್ಣ ಅಕ್ಷರದಲ್ಲಿ ಕೈಯಿಂದ ಬರೆದೆ: 'ರೊಟ್ಟಿ ಬರೀ ಜೋಳದ್ದು. ಆದರೆ ಗೋಧಿ ಬೀಸುವ ಗಿರಣಿಯಲ್ಲೇ ಬೀಸಿದ ಹಿಟ್ಟು, ಚಪಾತಿ ಸುಡುವ ಹಂಚು. ಒಗ್ಗರಣೆಯ ಹಿಂಗಿನಲ್ಲಿ ಗೋಧಿಹಿಟ್ಟು ಇದೆ. ಗೋಧಿ ಮುಟ್ಟಬಾರದವರು ಎರಡು ದಿನ ಮೊದಲು ತಿಳಿಸಿ, ಬೇರೆಯಾಗಿ ಮಾಡುತ್ತೇವೆ.' ಅಚ್ಚಿನ ಅಂದ ಹೋಯಿತು, ಶಾಲೆಯ ಕಾಪಿಬುಕ್ಕಿನ ಹಾಗೆ ಕಂಡಿತು. ಶೇಂಗಾಪುಡಿಯ ಸಾಲೂ ಪ್ರತಿ ಪಲ್ಯದ ಕೆಳಗಿದೆಯೇ ಎಂದು ಇನ್ನೊಮ್ಮೆ ನೋಡಿದೆ. ಇತ್ತು.

ಅತ್ತ ವೈನಿ ಜೋಳವನ್ನು ಆರಿಸಿ, ಮೂರು ನೀರಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಒಗೆದ ಧೋತರ ಹಾಸಿ ಹರವಿದಳು. ನಾಗಪುರದ ಬಿಸಿಲಿಗೆ ಹೇಳಬೇಕೇ, ಸಂಜೆಗೆ ಕಾಳು ಗರಿಗರಿ ಒಣಗಿದ್ದವು. ಮಿಕ್ಸರಿನ ಜಾರನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಅದರಲ್ಲಿ ಬೀಸಿ, ಹೊಸ ಜರಡಿಯಲ್ಲಿ ಸಾಣಿಸಿದಳು. ಎಷ್ಟು ಸಾಣಿಸಿದರೂ ಗಿರಣಿಯ ನುಣುಪು ಬರಲಿಲ್ಲ. ಗಂಡನನ್ನು ಕಳಿಸಿ ಹೊಸ ಹಂಚು ತರಿಸಿದಳು. ಆ ದಿನ ಖಾನಾವಳಿಯಲ್ಲಿ ಚಪಾತಿ ಇಲ್ಲ ಎಂದು ಹೇಳಿ ಗೋಧಿಹಿಟ್ಟಿನ ಡಬ್ಬವನ್ನು ಮನೆಗೆ ಸಾಗಿಸಿದಳು. ಬೇಳೆಗೆ ಹಿಂಗಿನ ಬದಲು ಬೆಳ್ಳುಳ್ಳಿ ಜಜ್ಜಿ ಹಾಕುವುದೆಂದಾಯಿತು. ಮಸಾಲೆಯನ್ನು ಇಡಿ ಸಾಮಾನಿನಿಂದ ಮನೆಯಲ್ಲೇ ಕುಟ್ಟಿದಳು.

ಗುಂಪು ಬಂದದ್ದು ಮಧ್ಯಾಹ್ನದ ರಣಬಿಸಿಲಿಗೆ. ಯಾರು ಆಕೆ ಎಂದು ಕೇಳಬೇಕಾಗಲಿಲ್ಲ. ಉಳಿದವರು ತಿನಿಸಿನ ಹೆಸರು ಓದಿ ನಗುತ್ತಿದ್ದರೆ, ಐವತ್ತರ ಆಸುಪಾಸಿನ ಒಬ್ಬಳು ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ನನ್ನ ಲೇಬಲ್ಲನ್ನೇ ಓದುತ್ತಿದ್ದಳು. ತನಗಾಗಿ ಬೇರೆ ಅಡಿಗೆಯಾಗಿದೆ ಎಂದು ಆಕೆಗೆ ಇನ್ನೂ ಯಾರೂ ಹೇಳಿರಲಿಲ್ಲ, ಮುಖ ಸಪ್ಪಗಾಯಿತು. ಕೈಚೀಲದಿಂದ ಒಂದು ಮಡಿಸಿದ ಕಾಗದ ತೆಗೆದಳು. ಅಂಚೆಲ್ಲ ಸವೆದಿತ್ತು. ತನಗೆ ಏನು ಆಗದು ಎಂಬುದನ್ನು ಯಾರಿಂದಲೋ ಹಿಂದಿಯಲ್ಲಿ ಬರೆಸಿಕೊಂಡು, ಹೋದಲ್ಲೆಲ್ಲ ತೋರಿಸುತ್ತಾಳೆ. ನಾನು ಕೈ ಚಾಚುವ ಮೊದಲೇ ವೈನಿ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಇಸಿದುಕೊಂಡಳು. ಇಂಗ್ಲಿಷ್ ಬರದಿದ್ದರೇನು, ಕಾಮಠಿಯಲ್ಲಿ ಇಷ್ಟು ವರ್ಷ ಕಳೆದವಳಿಗೆ ಹಿಂದಿ ಓದಲು ಬರುತ್ತದೆ. ಬೆರಳಿಟ್ಟು ಗಟ್ಟಿಯಾಗಿ ಓದಿದಳು.

"ಗೆಹೂಂ. ಮೈದಾ. ಸೂಜಿ. ದಲಿಯಾ. ಜೌ." ಗೋಧಿಯಿಂದ ಹಿಡಿದು ರವೆ, ನುಚ್ಚು, ಬಾರ್ಲಿಯ ತನಕ ಓದಿ ಕೊನೆಯ ಸಾಲಿಗೆ ಬಂದು ನಿಂತಳು. "ಹೀಂಗ್." ನನ್ನ ಕಡೆ ನೋಡಿದಳು. ಅವಳ ಕಣ್ಣು ದೊಡ್ಡವಾಗಿದ್ದವು. "ಅಕ್ಕೋರ, ಹಿಂಗು! ಆಕಿಗೆ ಮೊದಲ ಗೊತ್ತದ!"

ಆಕೆ ಆ ಶಬ್ದ ಹಿಡಿದು ನನ್ನತ್ತ ತಿರುಗಿದಳು. ಈ ಕಾಗದವನ್ನು ಎಷ್ಟೋ ಹೋಟೆಲಿನಲ್ಲಿ ತೋರಿಸಿದ್ದೇನೆ, ಮೊದಲ ಸಾಲು ನೋಡಿ ತೊಂದರೆ ಇಲ್ಲ ಎಂದು ಹಿಂದಿರುಗಿಸುತ್ತಾರೆ, ಕೊನೆಯ ಸಾಲಿನ ತನಕ ಯಾರೂ ಓದಿದ್ದು ನೋಡಿಲ್ಲ ಎಂದಳು. ಕಾರ್ಡಿನಲ್ಲಿ ಬರೆದದ್ದು ನಾನು ಎಂದೂ, ಮೊದಲು ತಪ್ಪು ಬರೆದಿದ್ದೆ ಎಂದೂ ನೇರವಾಗಿ ಹೇಳಿಬಿಟ್ಟೆ. ಆಮೇಲೆ ತೊಳೆದ ಜೋಳ, ಮಿಕ್ಸರು, ಹೊಸ ಹಂಚು, ಬೆಳ್ಳುಳ್ಳಿ ಒಗ್ಗರಣೆ ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಆಕೆ ಎಲ್ಲವನ್ನೂ ಕೇಳಿ, ಹಂಚು ನೋಡಬಹುದೇ ಎಂದಳು. ವೈನಿ ಅಡಿಗೆಮನೆಗೇ ಕರೆದೊಯ್ದಳು. ನೋಡಿಕೊಂಡು ಬಂದು ಆಕೆ ಮೇಜಿಗೆ ಕೂತು ಕೈಚೀಲವನ್ನು ನೆಲಕ್ಕಿಟ್ಟಳು.

ಮಿಕ್ಸರಿನ ಹಿಟ್ಟು ತರಿತರಿ. ಎಸರು ಹಾಕಿ ಎಷ್ಟು ನಾದಿದರೂ ಜಿಗಿ ಕಡಿಮೆ. ವೈನಿ ಬಡಿದ ರೊಟ್ಟಿ ಅಂಚಿನಲ್ಲೆಲ್ಲ ಬಿರಿದು, ಯಾವ ದೇಶದ ನಕ್ಷೆಗೂ ಹೋಲದ ಆಕಾರದಲ್ಲಿ ತಟ್ಟೆಗೆ ಬಂತು. ಆಕೆ ಅದನ್ನು ಮುರಿದು, ಎಣ್ಣೆಗಾಯಿಗೆ ಒತ್ತಿ, ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಹೊರಗೆ ಊಟಕ್ಕೆ ಕೂತು ಬಿಸಿ ರೊಟ್ಟಿ ಕೈಯಲ್ಲಿ ಮುರಿದದ್ದು ಎಷ್ಟು ವರ್ಷದ ಹಿಂದೆಯೋ ನೆನಪಿಲ್ಲ ಎಂದಳು. ಎರಡನೆಯ ರೊಟ್ಟಿ ಹೋಯಿತು, ಮೂರನೆಯದೂ ಹೋಯಿತು.

ನಾಲ್ಕು ದಿನ ಕಳೆದು ಪ್ರವಾಸದವನು ಫೋನು ಮಾಡಿದ. ಆಕೆ ಆರಾಮಾಗಿದ್ದಾಳೆ, ನಸುಕಿಗೇ ಎದ್ದು ಜೀಪು ಹತ್ತುತ್ತಾಳೆ, ಹುಲಿಯನ್ನೂ ನೋಡಿದಳು ಎಂದ. ವಾಪಸಾಗುವ ದಿನ ಅದೇ ಊಟ ಬೇಕಂತೆ. ಲೇಬಲ್ ತೆಗೆದು ಕಾರ್ಡನ್ನು ಹೊಸದಾಗಿ ಅಚ್ಚು ಹಾಕಿಸೋಣವೇ ಎಂದು ಕೇಳಿದ. ಲೇಬಲ್ಲಿನ ಮಾತು ಹಾಗೇ ಇರಲಿ, ಅಚ್ಚು ಚೆನ್ನಾಗಿರಲಿ ಎಂದೆ. ಹಿಂಗನ್ನು ಈಗ ನಾನು ಪ್ರತಿ ತಿನಿಸಿನ ಕೆಳಗೂ ಬರೆಯುತ್ತೇನೆ.

ಆದರೆ ಆ ದಿನದ ಒಂದು ಮಾತು ನನ್ನಲ್ಲೇ ಉಳಿದಿದೆ. ಆಕೆ ಮೂರನೆಯ ರೊಟ್ಟಿ ಮುರಿಯುವಾಗ ವೈನಿ ನನ್ನ ಹಿಂದೆ ನಿಂತು ಮೊಣಕೈಯಿಂದ ತಿವಿಯುತ್ತಿದ್ದಳು. "ಅಕ್ಕೋರ, ಹೇಳ್ರಿ ಆಕಿಗೆ. ಅಂಚು ಹರದಾವ ಅಂತ ಹೇಳ್ರಿ. ದಿನಾ ನಾ ಹಿಂಥಾ ರೊಟ್ಟಿ ಮಾಡೂದಿಲ್ಲ, ನಂದು ದುಂಡಗ ಬರ್ತಾವ ಅಂತ ಹೇಳ್ರಿ."

ಆಕೆ ತಲೆಯೆತ್ತಿ ಏನು ಹೇಳುತ್ತಿದ್ದಾರೆ ಎಂದು ಕೇಳಿದಳು.

"ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುತ್ತಿದ್ದಾಳೆ," ಎಂದೆ.